ಮಧ್ಯಾಹ್ನದ ಡೋಸ್ ಎಲ್ಲಿ ಹೋಯಿತು?

ಸ್ಕಾಟ್ಲೆಂಡಿನ ಟೇಸೈಡ್ ಸೀಮೆಯಲ್ಲಿ 1990ರ ದಶಕದಲ್ಲಿ ಕೆಲವು ವೈದ್ಯರು ಒಂದು ಸರಳ ಲೆಕ್ಕ ಹಾಕಿದರು. ಟೈಪ್ 1 ಮಧುಮೇಹ ಇರುವ, ಮೂವತ್ತು ವರ್ಷದೊಳಗಿನ 89 ಮಂದಿಗೆ ಬರೆದುಕೊಟ್ಟ ಇನ್ಸುಲಿನ್ ಎಷ್ಟು, ಅವರು ಔಷಧದ ಅಂಗಡಿಯಿಂದ ನಿಜಕ್ಕೂ ಒಯ್ದದ್ದು ಎಷ್ಟು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ‘ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?’ ಎಂಬ ಪ್ರಶ್ನೆಯನ್ನು ನಂಬಿ ಕೂರಲಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೌದು ಎಂದೇ ಹೇಳುತ್ತಾರೆ. ಅಂಗಡಿಯ ಲೆಕ್ಕ ಹೇಳಿದ್ದು ಬೇರೆ: 25 ಮಂದಿ, ಅಂದರೆ ನೂರಕ್ಕೆ 28ರಷ್ಟು ಜನ, ತಮಗೆ ಬೇಕಾದಷ್ಟು ಇನ್ಸುಲಿನ್ನನ್ನು ಮನೆಗೇ ಒಯ್ದಿರಲಿಲ್ಲ. ಒಯ್ಯದೆ ಇದ್ದದ್ದನ್ನು ಚುಚ್ಚಿಕೊಂಡಿರಲು ಸಾಧ್ಯವಿಲ್ಲ. ಕಡಿಮೆ ಒಯ್ದವರು ಆಸ್ಪತ್ರೆಗೆ ಸೇರಿದ್ದು ಹೆಚ್ಚು. ಹತ್ತರಿಂದ ಇಪ್ಪತ್ತರ ವಯಸ್ಸಿನವರಲ್ಲಿ ಶುಗರ್ ಹದಗೆಟ್ಟದ್ದಕ್ಕೂ ಈ ಕೊರತೆಗೂ ನೇರ ನಂಟು ಕಂಡಿತು. 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಮಕ್ಕಳ ಮಧುಮೇಹ ತಜ್ಞರು ಇಂದಿಗೂ ನೆನೆಯುತ್ತಾರೆ.

ಡೋಸ್ ತಪ್ಪಿಸುವುದು ಯಾವುದೋ ಒಬ್ಬ ಹಟಮಾರಿ ಹುಡುಗನ ಕಥೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅಮೆರಿಕದ ಟೈಪ್ 1 ರೋಗಿಗಳ ದೊಡ್ಡ ನೋಂದಣಿಯಲ್ಲಿ, 2016ರಿಂದ 2018ರವರೆಗಿನ ಅಂಕಿಗಳ ಪ್ರಕಾರ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಐದು ವರ್ಷದ ಮಕ್ಕಳಲ್ಲಿ 8.1 ಇತ್ತು. 15ರಿಂದ 18ರ ವಯಸ್ಸಿನಲ್ಲಿ ಅದು 9.3ಕ್ಕೆ ಏರಿತ್ತು. ಪಂಪು, ಸೆನ್ಸರು ಎಲ್ಲ ಕೈಗೆಟುಕುವ ದೇಶದಲ್ಲೂ ಹೀಗೆ. ಇನ್ನು ಭಾರತದ ಮಾತು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಇಪ್ಪತ್ತು ವರ್ಷದೊಳಗಿನ ಟೈಪ್ 1 ರೋಗಿಗಳು ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಇಲ್ಲಿ, ಸುಮಾರು 2.29 ಲಕ್ಷ.

ಈ ಕಾಯಿಲೆ ಅಜ್ಜ ಅಜ್ಜಿಯರಿಗೆ ಬರುವ ಸಕ್ಕರೆ ಕಾಯಿಲೆಯಂತಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಂದುಹಾಕುತ್ತದೆ. ಪಥ್ಯದಿಂದಾಗಲಿ, ಮಾತ್ರೆಯಿಂದಾಗಲಿ, ಕಷಾಯದಿಂದಾಗಲಿ ಆ ಕೋಶಗಳು ಮರಳುವುದಿಲ್ಲ. ಹೊರಗಿನಿಂದ ಇನ್ಸುಲಿನ್ ಹೋಗಲೇಬೇಕು. ಅದನ್ನು ಮೊದಲು ಮನುಷ್ಯನಿಗೆ ಚುಚ್ಚಿದ್ದು 1922ರ ಜನವರಿಯಲ್ಲಿ, ಟೊರಾಂಟೊದಲ್ಲಿ. ಪಡೆದವನು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ. ಈ ಔಷಧದ ಮೊದಲ ರೋಗಿಯೇ ಹದಿಹರೆಯದವನು.

ಈಗ ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸೂಜಿ. ಒಂದು, ಇಪ್ಪತ್ನಾಲ್ಕು ಗಂಟೆ ನಿಧಾನವಾಗಿ ಕೆಲಸ ಮಾಡುವ ದೀರ್ಘಕಾಲದ ಇನ್ಸುಲಿನ್. ಇದು ಊಟ ಮಾಡಲಿ ಬಿಡಲಿ, ಬೇಕೇ ಬೇಕು. ಉಳಿದ ಮೂರು, ತಿಂಡಿ ಮತ್ತು ಎರಡು ಊಟಕ್ಕೆ ಹದಿನೈದು ನಿಮಿಷ ಮುಂಚೆ ತೆಗೆದುಕೊಳ್ಳುವ ವೇಗದ ಇನ್ಸುಲಿನ್. ವರ್ಷಕ್ಕೆ 1460 ಸೂಜಿ. ಇದರಲ್ಲಿ ಸುಲಭವಾಗಿ ಕೈತಪ್ಪುವುದು ಮನೆಯಿಂದ ಹೊರಗೆ, ದೊಡ್ಡವರ ಕಣ್ಣಿಲ್ಲದ ಕಡೆ ತೆಗೆದುಕೊಳ್ಳಬೇಕಾದದ್ದು. ಶಾಲೆಯ ಮಧ್ಯಾಹ್ನದ ಊಟದ ಡೋಸ್ ಅಂಥದ್ದು. ಕೊಲರಾಡೊದ ವೈದ್ಯರು 2004ರಲ್ಲಿ ಪಂಪು ಬಳಸುವ ಮಕ್ಕಳನ್ನು ಪರಿಶೀಲಿಸಿದಾಗ, ವಾರಕ್ಕೆ ಒಂದಕ್ಕಿಂತ ಹೆಚ್ಚು ಊಟದ ಡೋಸ್ ತಪ್ಪಿಸುವವರ ಎಚ್‌ಬಿಎ1ಸಿ ಸರಾಸರಿ 8.8, ಉಳಿದವರದು 8.0 ಇತ್ತು. ವಾರದ ಇಪ್ಪತ್ತೊಂದು ಊಟಗಳಲ್ಲಿ ಎರಡು ಮೂರು ತಪ್ಪಿದರೂ ವರದಿಯಲ್ಲಿ ಕಾಣುತ್ತದೆ.

ಮಕ್ಕಳು ಯಾಕೆ ತಪ್ಪಿಸುತ್ತಾರೆ? ಒಂದು ಡೋಸ್ ಬಿಟ್ಟ ದಿನ ಏನೂ ಆಗುವುದಿಲ್ಲ ಎಂಬುದೇ ದೊಡ್ಡ ಕಾರಣ. ಶುಗರ್ 300 ಆದರೆ ಸ್ವಲ್ಪ ಬಾಯಾರಿಕೆ, ಸ್ವಲ್ಪ ಸುಸ್ತು, ಒಂದೆರಡು ಸಲ ಹೆಚ್ಚು ಮೂತ್ರ. ಅದೇ ಇನ್ಸುಲಿನ್ ಹೆಚ್ಚಾಗಿ ‘ಲೋ’ ಆದರೆ ಕೈ ನಡುಕ, ಬೆವರು, ಕ್ಲಾಸಿನ ನಡುವೆ ತಲೆತಿರುಗು, ಎಲ್ಲರ ಕಣ್ಣೂ ತನ್ನ ಮೇಲೆ. ಪರೀಕ್ಷೆಯ ದಿನ, ಕ್ರೀಡೆಯ ದಿನ ಲೋ ಆಗುವ ಹೆದರಿಕೆಗೆ ಬೇಕೆಂದೇ ಡೋಸ್ ಬಿಡುವವರಿದ್ದಾರೆ. ಗೆಳೆಯರ ಮುಂದೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವ ಮುಜುಗರವೂ ಉಂಟು. ‘ಇಂಜೆಕ್ಷನ್ನಿಗೆ ಎಷ್ಟು ಖರ್ಚಾಯ್ತು’ ಎಂದು ಅಪ್ಪ ಅಮ್ಮ ಅಡುಗೆಮನೆಯಲ್ಲಿ ಆಡಿಕೊಂಡದ್ದನ್ನು ಕೇಳಿಸಿಕೊಂಡು ತಾವೇ ಯೂನಿಟ್ ಉಳಿಸಲು ಹೊರಡುವ ಮಕ್ಕಳೂ ಇರುತ್ತಾರೆ.

ನಮ್ಮಲ್ಲಿ ಇನ್ನೊಂದು ಕಾರಣವನ್ನು ಮನೆಯವರೇ ಕೈಯಾರೆ ಹುಟ್ಟಿಸುತ್ತಾರೆ. ‘ಯಾರಿಗೂ ಹೇಳಬೇಡ, ನಾಳೆ ಮದುವೆಗೆ ತೊಂದರೆಯಾಗುತ್ತೆ’ ಎಂದು ಹೆಣ್ಣುಮಕ್ಕಳಿಗೆ ಹತ್ತನೇ ವಯಸ್ಸಿನಿಂದಲೇ ಹೇಳಿಕೊಟ್ಟಿರುತ್ತಾರೆ. ಆಮೇಲೆ ನೆಂಟರ ಮದುವೆಯಲ್ಲಿ ಪಂಕ್ತಿಗೆ ಕೂತಾಗ ಆ ಹುಡುಗಿ ಪೆನ್ ತೆಗೆಯಲಿಲ್ಲ ಎಂದು ಗದರಿದರೆ ನ್ಯಾಯವೇ? ಮುಚ್ಚಿಡುವುದನ್ನು ಮೊದಲು ಕಲಿಸಿದವರು ದೊಡ್ಡವರು.

ಹಾಗಂತ ಶುಗರ್ ಏರಿದಾಗಲೆಲ್ಲ ಡೋಸ್ ತಪ್ಪಿದೆ ಎಂದು ತೀರ್ಮಾನಿಸುವುದೂ ಅನ್ಯಾಯ. ಮೈನೆರೆಯುವ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಅದಕ್ಕೆ ಮುಂಚೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.7ರಿಂದ 1 ಯೂನಿಟ್ ಸಾಕಾಗುತ್ತಿದ್ದ ಮಗುವಿಗೆ ಈಗ 1.2, ಕೆಲವೊಮ್ಮೆ 2 ಯೂನಿಟ್ ಕೂಡ ಬೇಕಾಗಬಹುದು. ಒಂದೇ ಜಾಗಕ್ಕೆ ಚುಚ್ಚಿಕೊಂಡು ಅಲ್ಲಿ ಚರ್ಮದಡಿ ಮೆತ್ತನೆಯ ಗಂಟು ಕಟ್ಟಿದ್ದರೆ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಸ್ಕೂಲ್ ಬ್ಯಾಗಿನೊಳಗೆ ಬೆಂದ ಇನ್ಸುಲಿನ್ ಶಕ್ತಿ ಕಳೆದುಕೊಳ್ಳುತ್ತದೆ. ಮಗುವನ್ನು ಕಟಕಟೆಗೆ ನಿಲ್ಲಿಸುವ ಮುನ್ನ ಹೊಟ್ಟೆ, ತೊಡೆಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ಹೊಸ ಕಾರ್ಟ್ರಿಜ್ ಹಾಕಿ ಎರಡು ದಿನ ಗಮನಿಸಬೇಕು.

ಇವೆಲ್ಲ ಸರಿಯಿದ್ದರೆ, ಟೇಸೈಡಿನ ವೈದ್ಯರು ಮಾಡಿದ ಲೆಕ್ಕವನ್ನೇ ಮನೆಯ ಫ್ರಿಜ್ಜಿನ ಮುಂದೆ ನಿಂತು ಮಾಡಬಹುದು. ಉದಾಹರಣೆಗೆ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಹದಿನೈದು ವರ್ಷ, ಒಂಬತ್ತನೇ ತರಗತಿ, ತೂಕ 45 ಕಿಲೋ. ರಾತ್ರಿ ದೀರ್ಘಕಾಲದ ಇನ್ಸುಲಿನ್ 20 ಯೂನಿಟ್. ವೇಗದ್ದು ಬೆಳಿಗ್ಗೆ 8, ಮಧ್ಯಾಹ್ನ 9, ರಾತ್ರಿ 8. ಪ್ರತಿ ಸಲ ಚುಚ್ಚುವ ಮುಂಚೆ ಸೂಜಿಯ ತುದಿಯಲ್ಲಿ ಹನಿ ಕಾಣುವಂತೆ 2 ಯೂನಿಟ್ ಹೊರಗೆ ಬಿಡಬೇಕಲ್ಲ, ಅದನ್ನೂ ಸೇರಿಸಿದರೆ ವೇಗದ ಇನ್ಸುಲಿನ್ ದಿನಕ್ಕೆ 31 ಯೂನಿಟ್ ಖರ್ಚು. ಒಂದು ಪೆನ್ ಕಾರ್ಟ್ರಿಜ್‌ನಲ್ಲಿ 300 ಯೂನಿಟ್ ಇರುತ್ತದೆ. ಅಂದರೆ ಹೆಚ್ಚುಕಡಿಮೆ ಹತ್ತು ದಿನಕ್ಕೊಂದು ಕಾರ್ಟ್ರಿಜ್, ತಿಂಗಳಿಗೆ ಮೂರು. ಮಧ್ಯಾಹ್ನದ ಡೋಸ್ ದಿನವೂ ಬಿಟ್ಟುಹೋದರೆ ಖರ್ಚು ದಿನಕ್ಕೆ 20 ಯೂನಿಟ್ಟಿಗೆ ಇಳಿಯುತ್ತದೆ. ಒಂದು ಕಾರ್ಟ್ರಿಜ್ ಹದಿನೈದು ದಿನ ಬರುತ್ತದೆ, ತಿಂಗಳಿಗೆ ಎರಡೇ ಸಾಕು. ಕಾರ್ಟ್ರಿಜ್ ಹಾಕಿದ ದಿನಾಂಕವನ್ನು ಮಾರ್ಕರ್ ಪೆನ್ನಿನಲ್ಲಿ ಬರೆದಿಡುವ ಮನೆಯಲ್ಲಿ ಈ ವ್ಯತ್ಯಾಸ ಒಂದೇ ತಿಂಗಳಲ್ಲಿ ಕಣ್ಣಿಗೆ ಬೀಳುತ್ತದೆ.

ಕಣ್ಣಿಗೆ ಬೀಳದಿದ್ದರೆ ಮುಂದಿನದು ಹೀಗೆ ಸಾಗುತ್ತದೆ. ಹುಡುಗಿಯ ಶುಗರ್ ಪುಸ್ತಕದಲ್ಲಿ 110, 130, 120 ಎಂದು ಅಂದವಾದ ಅಂಕಿಗಳು, ಎಲ್ಲ ಒಂದೇ ಶಾಯಿಯಲ್ಲಿ, ಬಹುಶಃ ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ ಬರೆದದ್ದು. ಲ್ಯಾಬಿನ ಎಚ್‌ಬಿಎ1ಸಿ ಮಾತ್ರ 9.5. ಅಂದರೆ ಮೂರು ತಿಂಗಳ ಸರಾಸರಿ ಸುಮಾರು 226. ಗ್ಲುಕೋಮೀಟರಿನ ನೆನಪಿನಲ್ಲಿ ರಾತ್ರಿ ಊಟಕ್ಕೆ ಮುಂಚಿನ ಕೆಲವು ಅಂಕಿಗಳಿವೆ: 280, 310. ಇದನ್ನು ಕಂಡ ವೈದ್ಯರು ಮಧ್ಯಾಹ್ನದ 9 ಯೂನಿಟ್ ಸಾಲುತ್ತಿಲ್ಲ ಎಂದುಕೊಂಡು 12ಕ್ಕೆ ಏರಿಸುತ್ತಾರೆ. ತೆಗೆದುಕೊಳ್ಳದ ಡೋಸನ್ನು ಏರಿಸಿದರೆ ಏನೂ ಬದಲಾಗುವುದಿಲ್ಲ. ಬದಲಾಗುವುದು ದಸರಾ ರಜೆಗೆ ಅಜ್ಜಿ ಮನೆಗೆ ಹೋದಾಗ. ಅಲ್ಲಿ ಅಜ್ಜಿ ಊಟಕ್ಕೆ ಮುಂಚೆ ಎದುರಿಗೇ ಕೂತು ಚುಚ್ಚಿಸುತ್ತಾರೆ, ಪೂರ್ತಿ 12 ಯೂನಿಟ್. ಮೂರು ಗಂಟೆಗೆ ಹುಡುಗಿ ಬೆವರಿ ಕುಸಿಯುತ್ತಾಳೆ, ಶುಗರ್ 52. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಸರಿಹೋಗುತ್ತದೆ. ಮನೆಯಲ್ಲಿ ಸದಾ ಏರಿರುವ ಶುಗರ್, ಬೇರೆಯವರು ಎದುರಿಗಿದ್ದಾಗ ಅಥವಾ ಆಸ್ಪತ್ರೆಯ ವಾರ್ಡಿನಲ್ಲಿ ಅದೇ ಡೋಸಿಗೆ ದಿಢೀರ್ ಕುಸಿದರೆ ಅನುಭವಿ ವೈದ್ಯರಿಗೆ ಥಟ್ಟನೆ ಹೊಳೆಯುವುದು ಇದೇ.

ಆದ್ದರಿಂದ ಡೋಸ್ ತಪ್ಪುವುದಕ್ಕಿಂತ ಅದನ್ನು ಮುಚ್ಚಿಡಬೇಕಾಗುವುದು ಹೆಚ್ಚು ಅಪಾಯ. ಇನ್ನೊಂದು ಸಂದರ್ಭವೂ ಉಂಟು. ಮಧ್ಯಾಹ್ನದ್ದು ಬಿಟ್ಟ ಹುಡುಗ ಭಯಕ್ಕೆ ಸಂಜೆ ಗುಟ್ಟಾಗಿ ಒಂದಿಷ್ಟು ಚುಚ್ಚಿಕೊಂಡಿರುತ್ತಾನೆ. ಅದು ತಿಳಿಯದ ತಾಯಿ 320 ನೋಡಿ ಮೇಲೊಂದು ಡೋಸ್ ಕೊಡುತ್ತಾರೆ. ವೇಗದ ಇನ್ಸುಲಿನ್ ದೇಹದಲ್ಲಿ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತಿರುತ್ತದೆ. ಎರಡೂ ಸೇರಿದರೆ ರಾತ್ರಿ ಶುಗರ್ ಪಾತಾಳಕ್ಕಿಳಿಯುತ್ತದೆ. ತಪ್ಪಿದ ಡೋಸ್ ಒಂದು ಗಂಟೆ ಬಿಟ್ಟು ನೆನಪಾದರೆ ಎಷ್ಟು ತೆಗೆದುಕೊಳ್ಳಬೇಕು, ಮೂರು ಗಂಟೆ ಬಿಟ್ಟು ನೆನಪಾದರೆ ಏನು ಮಾಡಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿ ಇಟ್ಟುಕೊಳ್ಳಬೇಕು. ಕೊನೆಯ ಡೋಸ್ ಎಷ್ಟು, ಎಷ್ಟು ಗಂಟೆ ಹಿಂದೆ ಎಂದು ತುದಿಯಲ್ಲೇ ತೋರಿಸುವ ಪೆನ್ನುಗಳೂ ಇವೆ.

ಹಾಗಾದರೆ ಹೆತ್ತವರು ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು? ಇಲ್ಲಿ ಬಾಸ್ಟನ್ನಿನ ಜಾಸ್ಲಿನ್ ಮಧುಮೇಹ ಕೇಂದ್ರದ ಮನಃಶಾಸ್ತ್ರಜ್ಞೆ ಬಾರ್ಬರಾ ಆಂಡರ್ಸನ್ ಮತ್ತು ಸಂಗಡಿಗರ ಕೆಲಸ ದಾರಿ ತೋರಿಸುತ್ತದೆ. ಹತ್ತರಿಂದ ಹದಿನೈದು ವರ್ಷದ 85 ಮಕ್ಕಳ ಕುಟುಂಬಗಳ ಮೇಲೆ ಅವರು ನಡೆಸಿದ ಪ್ರಯೋಗ 1999ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಕುಟುಂಬಗಳೊಂದಿಗೆ ಒಂದು ವರ್ಷದಲ್ಲಿ ನಾಲ್ಕು ಸಲ, ಮಾಮೂಲಿ ತಪಾಸಣೆಗೆ ಬಂದಾಗಲೇ ಇಪ್ಪತ್ತು ಮೂವತ್ತು ನಿಮಿಷ ಕೂತು ಮಾತಾಡಿದರು. ಯಾವ ಕೆಲಸ ಮಗುವಿನದು, ಯಾವುದು ಹೆತ್ತವರದು ಎಂದು ಹಂಚಿಕೊಳ್ಳುವುದು ಹೇಗೆ, ಶುಗರ್ ಅಂಕಿಯನ್ನು ಹಿಡಿದು ದೂಷಿಸದೆ ಮಾತಾಡುವುದು ಹೇಗೆ ಎಂಬುದೇ ವಿಷಯ. ವರ್ಷ ಕಳೆದಾಗ ಆ ಮನೆಗಳಲ್ಲಿ ಹೆತ್ತವರು ಕೈಬಿಟ್ಟಿರಲಿಲ್ಲ, ಜಗಳವೂ ಇಳಿದಿತ್ತು. ಹೆತ್ತವರು ತೊಡಗಿಕೊಂಡಷ್ಟೂ ಜಗಳ ಹೆಚ್ಚುತ್ತದೆ ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು. ಟಿಮ್ ವಿಸಾಕಿ ಎಂಬ ಇನ್ನೊಬ್ಬ ಅಮೆರಿಕನ್ ಸಂಶೋಧಕರು ಅದಕ್ಕೂ ಮುಂಚೆ, 1996ರಲ್ಲಿ, ತಮ್ಮ ಪ್ರಬುದ್ಧತೆಗೆ ಮೀರಿದ ಹೊಣೆ ಹೊತ್ತ ಮಕ್ಕಳ ಆರೈಕೆಯೇ ಹೆಚ್ಚು ಹದಗೆಡುತ್ತದೆ ಎಂದು ತೋರಿಸಿದ್ದರು.

ಸಾಮಾನ್ಯವಾಗಿ ಆಗುವುದು ಏನೆಂದರೆ, ಹನ್ನೆರಡನೇ ವಯಸ್ಸಿಗೆ ಮಗು ಸ್ವತಃ ಚುಚ್ಚಿಕೊಳ್ಳಲು ಕಲಿತ ಕೂಡಲೇ ಮನೆಯವರು ‘ಅವನೇ ಎಲ್ಲ ನೋಡ್ಕೋತಾನೆ’ ಎಂದು ಹೆಮ್ಮೆಯಿಂದ ಹಿಂದೆ ಸರಿಯುತ್ತಾರೆ. ಕೈಗೆ ಬಂದ ಕೌಶಲವೇ ಬೇರೆ, ದಿನಕ್ಕೆ ನಾಲ್ಕು ಸಲ ವರ್ಷಗಟ್ಟಲೆ ನೆನಪಿಟ್ಟು ಮಾಡುವ ತಾಳ್ಮೆಯೇ ಬೇರೆ. ಎರಡು ವರ್ಷದ ನಂತರ ವರದಿ ಕೆಟ್ಟಾಗ ಅದೇ ಮನೆಯವರು ಪೊಲೀಸರಂತೆ ಮರಳುತ್ತಾರೆ: ಬ್ಯಾಗ್ ತಪಾಸಣೆ, ಮೊಬೈಲ್ ವಶ, ದಿನಕ್ಕೆ ಹತ್ತು ಫೋನ್.

ಕೆಲಸ ಹಂಚಿಕೊಳ್ಳುವ ಮನೆಯಲ್ಲಿ ಮೊದಲು ನಿರ್ಧಾರವಾಗಬೇಕಾದದ್ದು ರಾತ್ರಿಯ ದೀರ್ಘಕಾಲದ ಇನ್ಸುಲಿನ್. ಅದು ದೊಡ್ಡವರ ಕಣ್ಣೆದುರಿಗೇ ಆಗಬೇಕು, ಮಗು ಪಿಯುಸಿಗೆ ಬಂದರೂ. ಅವಳೇ ಚುಚ್ಚಿಕೊಳ್ಳಲಿ, ಅಪ್ಪನೋ ಅಮ್ಮನೋ ಒಂಬತ್ತೂವರೆಗೆ ಪಕ್ಕದಲ್ಲಿದ್ದರೆ ಸಾಕು. ಊಟದ ಒಂದು ಡೋಸ್ ತಪ್ಪಿದರೆ ಶುಗರ್ ಏರುತ್ತದೆ. ದೀರ್ಘಕಾಲದ್ದು ತಪ್ಪಿದರೆ ದೇಹ ಕೊಬ್ಬನ್ನು ಸುಡತೊಡಗಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬುತ್ತದೆ. ಔಷಧ ತರುವುದು, ದಿನಾಂಕ ಬರೆಯುವುದು, ಸ್ಟ್ರಿಪ್ ಮುಗಿಯದಂತೆ ನೋಡಿಕೊಳ್ಳುವುದೂ ಹೆತ್ತವರ ಪಾಲಿಗಿರಲಿ. ಊಟಕ್ಕೆ ತಕ್ಕ ಯೂನಿಟ್ ಲೆಕ್ಕ ಹಾಕುವುದು, ಯಾವ ಗೆಳತಿಗೆ ಹೇಳಬೇಕು ಎಂದು ತೀರ್ಮಾನಿಸುವುದು, ಶಾಲೆಯಲ್ಲಿ ಎಲ್ಲಿ ಚುಚ್ಚಿಕೊಳ್ಳುವುದು ಎಂದು ಆರಿಸುವುದು ಅವಳದು. ತಪಾಸಣೆಯ ದಿನ ಹತ್ತು ನಿಮಿಷ ಅವಳು ಒಬ್ಬಳೇ ವೈದ್ಯರ ಬಳಿ ಮಾತಾಡಲಿ, ಮನೆಯವರು ಹೊರಗೆ ಕೂರಲಿ. ಡಾಕ್ಟರು ‘ಹೇಗಿದೀಯಮ್ಮ’ ಎಂದಾಗ ಉತ್ತರ ತಾಯಿಯಿಂದ ಬರುವ ಅಭ್ಯಾಸ ನಮ್ಮಲ್ಲಿ ಇಪ್ಪತ್ತು ವರ್ಷದವರೆಗೂ ನಿಲ್ಲುವುದಿಲ್ಲ.

ಮೀಟರ್ ನೋಡುವುದಕ್ಕೆ ವಾರದಲ್ಲಿ ಒಂದು ದಿನ ಸಾಕು. ಭಾನುವಾರ ತಿಂಡಿ ಮುಗಿದ ಮೇಲೆ ಹತ್ತು ನಿಮಿಷ ಇಬ್ಬರೂ ಕೂತು ಅದರ ನೆನಪಿನಲ್ಲಿರುವ ಅಂಕಿಗಳನ್ನು ನೋಡಬೇಕು. ಬುಧವಾರ ರಾತ್ರಿ 290 ಇದ್ದರೆ ‘ಏನು ತಿಂದೆ? ಯಾಕೆ ಬಿಟ್ಟೆ?’ ಎಂದು ಶುರುಮಾಡಿದರೆ ಮುಂದಿನ ವಾರ ಅಂಕಿಯೇ ಇರುವುದಿಲ್ಲ, ಅವಳು ಪರೀಕ್ಷೆ ಮಾಡುವುದನ್ನೇ ಬಿಡುತ್ತಾಳೆ. ‘ಬುಧವಾರಗಳು ಕಷ್ಟ ಇದ್ದಹಾಗಿದೆ, ಅವತ್ತು ಏನಿರುತ್ತೆ?’ ಎಂದು ಕೇಳಿದರೆ, ಅವತ್ತು ಊಟದ ಬಿಡುವಿನಲ್ಲೇ ಲ್ಯಾಬ್ ರೆಕಾರ್ಡ್ ಸಹಿ ಮಾಡಿಸಬೇಕು, ಊಟವೇ ಐದು ನಿಮಿಷ ಎಂಬುದು ಹೊರಬೀಳಬಹುದು. ಡೋಸ್ ಬಿಟ್ಟದ್ದನ್ನು ತಾನಾಗಿ ಹೇಳಿದರೆ ಬೈಗುಳವಿಲ್ಲ, ಮೊಬೈಲ್ ಕಿತ್ತುಕೊಳ್ಳುವುದಿಲ್ಲ ಎಂಬ ಮಾತನ್ನು ಮೊದಲೇ ಕೊಟ್ಟಿರಬೇಕು, ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಸೆನ್ಸರ್ ಹಾಕಿಕೊಂಡ ಮಕ್ಕಳ ಅಂಕಿ ತಂದೆಯ ಮೊಬೈಲಿಗೂ ಬರುವಂತಿದ್ದರೆ ಈ ಒಪ್ಪಂದ ಇನ್ನೂ ಮುಖ್ಯ. ಎಷ್ಟಕ್ಕೆ ಇಳಿದರೆ ಅಥವಾ ಎಷ್ಟು ಹೊತ್ತು ಏರಿಯೇ ಇದ್ದರೆ ಮೆಸೇಜ್ ಮಾಡಬಹುದು ಎಂದು ಇಬ್ಬರೂ ಕೂಡಿ ನಿಗದಿ ಮಾಡಿಕೊಂಡು, ಉಳಿದ ಹೊತ್ತು ಸುಮ್ಮನಿರಬೇಕು. ಸುಮ್ಮನಿರುವುದು ತಂದೆಗೆ ಕಷ್ಟವೇ.

ಈಗಾಗಲೇ ಎಲ್ಲ ಕೈತಪ್ಪಿದ್ದರೆ? ಹೊಣೆಯನ್ನು ಪೂರ್ತಿ ಕಿತ್ತುಕೊಳ್ಳುವ ಬದಲು ಒಂದೇ ಒಂದು ಡೋಸನ್ನು ಎರಡು ವಾರ ಹೆತ್ತವರು ವಹಿಸಿಕೊಳ್ಳಬಹುದು. ಯಾವುದು ಎಂದು ಮಗುವೇ ಆರಿಸಲಿ. ದಣಿದ ಮಕ್ಕಳಿಗೆ ‘ಎರಡು ವಾರ ಬೆಳಗಿನದು ನಾನು ನೋಡ್ಕೋತೀನಿ, ನೀನು ಯೋಚಿಸಬೇಡ’ ಎಂಬುದು ರಜೆ ಸಿಕ್ಕಂತೆ ಅನಿಸುತ್ತದೆ.

ಎರಡು ಸ್ಥಿತಿಗಳಲ್ಲಿ ಮಾತ್ರ ಈ ಹಂಚಿಕೆಯ ಮಾತು ನಡೆಯದು. ಒಂದು, ಮಗು ಚೆನ್ನಾಗಿ ತಿನ್ನುತ್ತಿದ್ದರೂ ತೂಕ ಇಳಿಯುತ್ತಿದೆ, ಎಚ್‌ಬಿಎ1ಸಿ ಏರುತ್ತಲೇ ಇದೆ, ತೂಕ ನೋಡಲು ಒಪ್ಪುವುದಿಲ್ಲ ಎಂದಾದರೆ ತೆಳ್ಳಗಾಗಲೆಂದೇ ಇನ್ಸುಲಿನ್ ಬಿಡುತ್ತಿರುವ ಸಾಧ್ಯತೆ ಇದೆ. ಇದು ಆಹಾರಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆ, ಬುದ್ಧಿಮಾತಿಗೆ ಬಗ್ಗುವುದಿಲ್ಲ, ಮನೋವೈದ್ಯರು ಬೇಕು. ಎರಡು, ಶುಗರ್ 250ಕ್ಕಿಂತ ಮೇಲಿದ್ದು ವಾಂತಿ, ಹೊಟ್ಟೆನೋವು, ಏದುಸಿರು ಅಥವಾ ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ ಕಂಡರೆ ಅದು ಅಜೀರ್ಣವಲ್ಲ. ಮೂತ್ರದ ಕೀಟೋನ್ ಸ್ಟ್ರಿಪ್ ಮನೆಯಲ್ಲಿದ್ದರೆ ನೋಡಬಹುದು, ಇಲ್ಲದಿದ್ದರೆ ಅದಕ್ಕಾಗಿ ಕಾಯಬಾರದು. ‘ಊಟ ಮಾಡಿಲ್ಲ, ಇವತ್ತು ಇಂಜೆಕ್ಷನ್ ಬೇಡ’ ಎಂದು ದೀರ್ಘಕಾಲದ ಇನ್ಸುಲಿನ್ ನಿಲ್ಲಿಸಬಾರದು. ನೇರ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ‘ಟೈಪ್ 1’ ಎಂದು ಮೊದಲ ವಾಕ್ಯದಲ್ಲೇ ಹೇಳಬೇಕು.

ಮಕ್ಕಳಿಂದ ಆಗದ, ದೊಡ್ಡವರೇ ಮಾಡಬೇಕಾದ ಇನ್ನೊಂದು ಕೆಲಸ ಶಾಲೆಯದು. ಸಿಬಿಎಸ್‌ಇ 2017ರಲ್ಲೇ ಮಧುಮೇಹವಿರುವ ಮಕ್ಕಳು ಬೋರ್ಡ್ ಪರೀಕ್ಷೆಯ ಕೊಠಡಿಗೆ ಸಿಹಿ, ಹಣ್ಣು, ನೀರು ಒಯ್ಯಲು ಅನುಮತಿ ಕೊಟ್ಟಿದೆ. ಟೈಪ್ 1 ಇರುವ ಮಕ್ಕಳಿಗೆ ತರಗತಿಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಸೂಚಿಸಿದೆ. ಆದರೆ ನಿಮ್ಮ ಮಗುವಿನ ತರಗತಿಯ ಶಿಕ್ಷಕರಿಗೆ ಇದು ತಿಳಿದಿರುತ್ತದೆ ಎಂದುಕೊಳ್ಳಬೇಡಿ. ಜೂನ್‌ನಲ್ಲಿ, ಪಾಠಗಳು ಚುರುಕಾಗುವ ಮುಂಚೆ, ವೈದ್ಯರ ಪತ್ರ ಹಿಡಿದು ಮುಖ್ಯ ಶಿಕ್ಷಕರನ್ನೂ ತರಗತಿ ಶಿಕ್ಷಕರನ್ನೂ ಕಾಣಿ. ಮಧ್ಯಾಹ್ನ ಊಟಕ್ಕೆ ಹದಿನೈದು ನಿಮಿಷ ಮುಂಚೆ ಹೊರಗೆ ಹೋಗಲು ಅನುಮತಿ, ಶೌಚಾಲಯವಲ್ಲದ ಒಂದು ಸ್ವಚ್ಛ ಜಾಗ, ಲೋ ಆದಾಗ ಕ್ಲಾಸಿನಲ್ಲೇ ಗ್ಲೂಕೋಸ್ ತಿನ್ನುವ ಅವಕಾಶ, ಈ ಮೂರನ್ನು ಕೇಳಿ. ಹತ್ತನೇ ತರಗತಿಯಾದರೆ ಬೋರ್ಡ್ ಪರೀಕ್ಷೆಗೂ ಈಗಲೇ ಅರ್ಜಿ ಕೊಡಿ. ಹೋಗುವ ಮುಂಚೆ ಮಗುವನ್ನು ಕೇಳಿಕೊಳ್ಳಿ: ನಾನು ಏನೇನು ಹೇಳಲಿ, ಏನನ್ನು ಹೇಳದೆ ಬಿಡಲಿ?